ಸೂರ್ಯ ಮುಳುಗಿತ್ತೋ ಇಲ್ಲವೋ: ಜೋಡಿಯಾಕಲ್ ರಿಲೀಸಿಂಗ್‌ನ ಒಂದು ಪ್ರಕರಣ

ಇದು ನನ್ನ ಗೆಳೆಯನ ಚಿಕ್ಕಮ್ಮನ ಜಾತಕದ ಕತೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಹುಟ್ಟಿದ ವರ್ಷ ಹೇಳುವುದಿಲ್ಲ. ವ್ಯಾಪಾರದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಮಲೆನಾಡಿನವರು, ಉಪ್ಪಿನಕಾಯಿ ಮಾಡಿ ಮಾರುವವರು ಎಂದಷ್ಟು ತಿಳಿದರೆ ಸಾಕು. ಗೆಳೆಯ ಚಿಕ್ಕಮ್ಮ ಅನ್ನುತ್ತಾನೆ, ಹಾಗಾಗಿ ನನಗೂ ಅವರು ಚಿಕ್ಕಮ್ಮನೇ.

ಜೋಡಿಯಾಕಲ್ ರಿಲೀಸಿಂಗ್ ಎಂಬ ಹಳೆಯ ಗ್ರೀಕ್ ಜ್ಯೋತಿಷ್ಯ ಪದ್ಧತಿಯ ವಿಷಯವನ್ನು ನಾನು ತೆಗೆದಾಗ ಅವರಿಗೆ 51 ದಾಟಿತ್ತು. ಊಟ ಮುಗಿದು ಜಗಲಿಯಲ್ಲಿ ಕೂತಿದ್ದೆವು. "ಬ್ಯಾಂಕಿನವರು ಸಾಲ ಕೊಡ್ತೀವಿ ಅಂತಿದಾರೆ. ಇನ್ನೊಂದು ಶೆಡ್ ಹಾಕಿ ಅಂತಾರೆ. ನಂಗೆ ಇನ್ನೆಷ್ಟು ವರ್ಷ ಹೀಗೆ ಓಡಾಡೋಕಾಗತ್ತೆ, ನಿನ್ನ ಗ್ರೀಕ್ ಪಂಚಾಂಗದಲ್ಲಿ ನೋಡಿ ಹೇಳು ಮಾರಾಯ" ಎಂದರು. ತಮಾಷೆಗೇ ಕೇಳಿದ್ದು. ಆದರೆ ಈ ಪದ್ಧತಿಗೆ ಕೇಳಬೇಕಾದ ಪ್ರಶ್ನೆ ಅದೇ. ನಾಳೆ ಏನಾಗುತ್ತದೆ ಎಂದು ಇದು ಹೇಳುವುದಿಲ್ಲ. ಇಡೀ ಬದುಕಿನಲ್ಲಿ ಏರು ಎಲ್ಲಿ, ಸಪಾಟು ಎಲ್ಲಿ ಎಂದು ಗೆರೆ ಎಳೆದು ತೋರಿಸುತ್ತೇನೆ ಅನ್ನುತ್ತದೆ.

ಲೆಕ್ಕ ಹೇಗೆ

ಜೋಡಿಯಾಕಲ್ ರಿಲೀಸಿಂಗ್ ನಮಗೆ ಸಿಗುವುದು ವೆಟ್ಟಿಯಸ್ ವಾಲೆನ್ಸ್ ಎಂಬವನ ಬರಹದಲ್ಲಿ. ಕ್ರಿ.ಶ. 2ನೇ ಶತಮಾನದವನು. ಅಂತಿಯೋಕ್‌ನಲ್ಲಿ ಹುಟ್ಟಿದವನು, ಬರೆದದ್ದು ಗ್ರೀಕ್‌ನಲ್ಲಿ. ಅವನ 'ಆಂಥಾಲಜಿ'ಯಲ್ಲಿ 9 ಭಾಗಗಳಿವೆ. 4ನೆಯದರಲ್ಲಿ ಈ ಲೆಕ್ಕ ಬರುತ್ತದೆ. ಆಮೇಲೆ ಇದು ಹೆಚ್ಚುಕಡಿಮೆ ಮರೆತೇ ಹೋಗಿತ್ತು. 1990ರ ದಶಕದಲ್ಲಿ ಅಮೆರಿಕದ ರಾಬರ್ಟ್ ಶ್ಮಿಟ್ ಮತ್ತು ಜೊತೆಗಾರರು ಹಳೆಯ ಗ್ರೀಕ್ ಪಠ್ಯಗಳನ್ನು ಅನುವಾದಿಸತೊಡಗಿದ ಮೇಲೆ ಮತ್ತೆ ಬಳಕೆಗೆ ಬಂತು.

ನಮ್ಮ ವಿಂಶೋತ್ತರಿ ದಶೆ ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತದೆ. ಅಲ್ಲಿ ಗ್ರಹಗಳ ದಶೆ, ಇಲ್ಲಿ ರಾಶಿಗಳ ದಶೆ. ಅಲ್ಲಿ ಶುರು ಚಂದ್ರನ ನಕ್ಷತ್ರದಿಂದ, ಇಲ್ಲಿ ಒಂದು ಲೆಕ್ಕದ ಬಿಂದುವಿನಿಂದ. ಅಂಥ ಎರಡು ಬಿಂದುಗಳು ಮುಖ್ಯ: ಫಾರ್ಚೂನ್ ಮತ್ತು ಸ್ಪಿರಿಟ್. ಫಾರ್ಚೂನ್ ಮೈ ಮತ್ತು ನಮಗೆ ತಾನಾಗಿ ಒದಗುವುದರ ಬಿಂದು. ಸ್ಪಿರಿಟ್ ನಾವಾಗಿ ಮಾಡುವುದರ, ಅಂದರೆ ಕೆಲಸ-ಕಾರ್ಯದ ಬಿಂದು. ನಮ್ಮ ತಾಜಿಕ ಜ್ಯೋತಿಷ್ಯದಲ್ಲಿ ವರ್ಷಫಲ ಹಾಕುವವರು 'ಪುಣ್ಯ ಸಹಮ' ಅನ್ನುತ್ತಾರಲ್ಲ, ಅದೇ ಈ ಫಾರ್ಚೂನ್. ಅರಬ್ಬರ ಕೈದಾಟಿ ನಮ್ಮಲ್ಲಿಗೆ ಬಂದದ್ದು.

ಬಿಂದು ಬಿದ್ದ ರಾಶಿಯಿಂದ ಬದುಕು ಶುರು. ಮಂಗಳನ ರಾಶಿಗಳಿಗೆ 15 ವರ್ಷ, ಶುಕ್ರನವಕ್ಕೆ 8, ಬುಧನವಕ್ಕೆ 20, ಗುರುವಿನವಕ್ಕೆ 12. ಕರ್ಕಕ್ಕೆ 25, ಸಿಂಹಕ್ಕೆ 19. ಶನಿಯ ಎರಡು ರಾಶಿಗೆ ಮಾತ್ರ ಬೇರೆ ಬೇರೆ: ಮಕರಕ್ಕೆ 27, ಕುಂಭಕ್ಕೆ 30. ಹುಟ್ಟುವಾಗ ದಶಾ ಶೇಷ ಎಂಬುದಿಲ್ಲ, ಮೊದಲ ರಾಶಿ ಪೂರ್ತಿಯಾಗಿ ಸಿಗುತ್ತದೆ. ಅದು ಮುಗಿದರೆ ಮುಂದಿನ ರಾಶಿ. ಹನ್ನೆರಡೂ ಸೇರಿದರೆ 211 ವರ್ಷ, ಹಾಗಾಗಿ ಯಾರಿಗೂ ಪೂರ್ತಿ ಸುತ್ತು ಸಿಗುವುದಿಲ್ಲ. ನಾಲ್ಕೋ ಐದೋ ರಾಶಿಯಲ್ಲಿ ಆಯಸ್ಸು ಮುಗಿಯುತ್ತದೆ.

ಒಂದು ಎಚ್ಚರ. ಇಲ್ಲಿ ವರ್ಷ ಎಂದರೆ 360 ದಿನ. ಕ್ಯಾಲೆಂಡರ್ ವರ್ಷ ಹಿಡಿದು ಎಣಿಸಿದರೆ ನಡುವಯಸ್ಸಿಗೆ ಬರುವಾಗ ಏಳೆಂಟು ತಿಂಗಳು ತಪ್ಪಿರುತ್ತದೆ. ಕೈಲೆಕ್ಕ ಮಾಡುವವರು ಮೊದಲು ಎಡವುವುದೇ ಇಲ್ಲಿ.

ಇನ್ನು ಏರು ಯಾವುದು, ಸಪಾಟು ಯಾವುದು? ಫಾರ್ಚೂನ್ ಇರುವ ರಾಶಿಯಿಂದ 1, 4, 7, 10ನೆಯ ರಾಶಿಗಳು ಕೇಂದ್ರಗಳು. (ನಮ್ಮ 'ಕೇಂದ್ರ' ಪದವೂ ಗ್ರೀಕ್‌ನ ಕೆಂಟ್ರಾನ್‌ನಿಂದಲೇ ಬಂದದ್ದು.) ಸ್ಪಿರಿಟ್‌ನಿಂದ ಎಣಿಸುತ್ತಾ ಬಂದ ದಶೆ ಈ ನಾಲ್ಕರಲ್ಲೊಂದಕ್ಕೆ ಬಂದಾಗ ಕೆಲಸದಲ್ಲಿ ಏರುಕಾಲ. 10ನೆಯದು ಎಲ್ಲಕ್ಕಿಂತ ಜೋರು. ಉಳಿದವು ಸಪಾಟು. ಸಪಾಟು ಎಂದರೆ ಕೆಟ್ಟದ್ದು ಅಂತಲ್ಲ. ಆ ಹೊತ್ತಿನಲ್ಲಿ ಬದುಕಿನ ಕತೆ ಕೆಲಸದ ಸುತ್ತ ಸುತ್ತುವುದಿಲ್ಲ, ಅಷ್ಟೇ. ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆ ರಾಶಿಯಲ್ಲಿ ಕೂತ, ಅದನ್ನು ನೋಡುವ ಗ್ರಹಗಳಿಂದ ಬೇರೆಯಾಗಿ ತಿಳಿಯಬೇಕು. ಈ ಎರಡನ್ನು ಕಲಸಿಕೊಂಡವರನ್ನು ತುಂಬಾ ಜನ ನೋಡಿದ್ದೇನೆ. ನಾನೂ ಮೊದಲಿಗೆ ಅವರಲ್ಲೊಬ್ಬ.

ಘಟಿ 32

ಚಿಕ್ಕಮ್ಮ ಹುಟ್ಟಿದ್ದು ಆಷಾಢ ಬಹುಳದಲ್ಲಿ, ಕರ್ಕ ಸಂಕ್ರಮಣಕ್ಕೆ ಒಂದೆರಡು ದಿನ ಮುಂಚೆ, ಸಂಜೆ. ಅವರ ಅಜ್ಜ ನೋಟ್‌ಬುಕ್ಕಿನಲ್ಲಿ 'ಸಂಜೆ ಸುಮಾರು 7 ಘಂಟೆ' ಎಂದು ಬರೆದಿಟ್ಟಿದ್ದರು. ಪುರೋಹಿತರು ಬರೆದ ಜಾತಕದಲ್ಲಿ 'ಉದಯಾದಿ ಘಟಿ 32' ಎಂದಿತ್ತು. ವಿಘಟಿ, ಅಂದರೆ ಘಟಿಯ ಅರವತ್ತನೇ ಒಂದು ಭಾಗದ ಲೆಕ್ಕ, ಇಲ್ಲ.

ಅಲ್ಲೇ ತೊಡಕು. ಆ ಭಾಗದಲ್ಲಿ ಆ ದಿನ ಸೂರ್ಯ ಮುಳುಗುವುದೂ ಸುಮಾರು 7 ಗಂಟೆಗೇ. ಹಗಲಿನ ಉದ್ದ 32 ಘಟಿ ಮತ್ತು ಚೂರು. ಒಂದು ಘಟಿ ಎಂದರೆ 24 ನಿಮಿಷ. ಅಂದರೆ ನಮಗೆ ಬೇಕಾಗಿದ್ದುದು ಪುರೋಹಿತರು ಬರೆಯದೆ ಬಿಟ್ಟ ಆ ವಿಘಟಿಯೇ.

ಹಗಲೋ ರಾತ್ರಿಯೋ ಎಂಬುದು ಇಲ್ಲಿ ಯಾಕೆ ಇಷ್ಟು ಮುಖ್ಯ? ಬಿಂದುಗಳ ಲೆಕ್ಕ ನೋಡಿ. ಸೂರ್ಯ ಕರ್ಕ 22 ಡಿಗ್ರಿ, ಚಂದ್ರ ವೃಷಭ 5, ಲಗ್ನ ಮಕರ 22ರ ಆಸುಪಾಸು. ಚಂದ್ರನಿಂದ ಸೂರ್ಯನವರೆಗೆ 77 ಡಿಗ್ರಿ. ಲಗ್ನದಿಂದ ಅಷ್ಟೇ ಮುಂದೆ ಹೋದರೆ ಮೇಷ 9. ಅಷ್ಟೇ ಹಿಂದೆ ಬಂದರೆ ವೃಶ್ಚಿಕ 5. ಹುಟ್ಟಿದ ಹೊತ್ತು ಹತ್ತು ನಿಮಿಷ ಆಚೀಚೆ ಆದರೆ ಎರಡೂ ಬಿಂದು ಎರಡು ಮೂರು ಡಿಗ್ರಿ ಸರಿಯುತ್ತವೆ, ರಾಶಿ ಬದಲಾಗುವುದಿಲ್ಲ. ಅಷ್ಟರ ಮಟ್ಟಿಗೆ ಅದೃಷ್ಟ. ಆದರೆ ಯಾವುದು ಫಾರ್ಚೂನ್, ಯಾವುದು ಸ್ಪಿರಿಟ್? ಹಗಲಿನ ಜನನವಾದರೆ ವೃಶ್ಚಿಕದ್ದು ಫಾರ್ಚೂನ್, ಮೇಷದ್ದು ಸ್ಪಿರಿಟ್. ರಾತ್ರಿಯದಾದರೆ ತಿರುಗಾಮುರುಗಾ. ನಾಲ್ಕು ನಿಮಿಷದ ವ್ಯತ್ಯಾಸಕ್ಕೆ ಇಡೀ ಬದುಕಿನ ನಕ್ಷೆ ಬೇರೆ.

ಡಿಗ್ರಿಗಳ ಬಗ್ಗೆ ಒಂದು ಮಾತು. ಇವು ಸಾಯನದ ಲೆಕ್ಕ, ಅಂದರೆ ರಾಶಿಗಳನ್ನು ವಿಷುವದಿಂದ ಎಣಿಸುವುದು. ನಮ್ಮ ಜಾತಕಗಳ ನಿರಯನದಲ್ಲಿ ನಕ್ಷತ್ರಗಳನ್ನು ಹಿಡಿದು ಎಣಿಸುತ್ತಾರೆ. ಅವರ ಊರಿನ ಜಾತಕದಲ್ಲಿ ಧನು ಲಗ್ನ, ಇಲ್ಲಿ ಮಕರ. ವಾಲೆನ್ಸ್‌ನ ಕಾಲದಲ್ಲಿ ಸಾಯನ, ನಿರಯನ ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು. ಈಗ ಸುಮಾರು 24 ಡಿಗ್ರಿ ಅಂತರವಿದೆ. ಇಂದು ಈ ಪದ್ಧತಿ ಮಾಡುವವರಲ್ಲಿ ಹೆಚ್ಚಿನವರು ಸಾಯನ ಹಿಡಿಯುತ್ತಾರೆ, ನಾನೂ ಅದನ್ನೇ ಹಿಡಿದೆ. ಮೊದಲೇ ಹಿಡಿದೆ ಎಂಬುದು ಮುಖ್ಯ. ಫಲ ಹೊಂದದಿದ್ದಾಗ ನಿರಯನಕ್ಕೆ ಜಾರಿಕೊಳ್ಳುವ ಬಾಗಿಲನ್ನು ಮುಚ್ಚಿಬಿಟ್ಟಿದ್ದೆ.

ಸೂರ್ಯನ ಬಗ್ಗೆ ಚಿಕ್ಕಮ್ಮನನ್ನೇ ಕೇಳಿದೆ. ಮನೆಯಲ್ಲಿ ಯಾರಾದರೂ ಏನಾದರೂ ಹೇಳಿದ್ದುಂಟಾ? "ದೀಪ ಹಚ್ಚಿ ಆಗಿತ್ತಂತೆ, ಹಾಲು ಕರೆಯೋದು ಬಾಕಿ ಇತ್ತಂತೆ" ಎಂದರು. ನನಗೆ ಖುಷಿಯಾಯಿತು, ದೀಪ ಹಚ್ಚಿದ್ದರೆ ರಾತ್ರಿಯೇ ಅಲ್ವಾ? ಅವರು ನಕ್ಕರು. "ಆಷಾಢದ ಮಳೇಲಿ ನಾಲ್ಕೂವರೆಗೇ ದೀಪ ಹಚ್ಬೇಕು. ಆ ತಿಂಗಳಲ್ಲಿ ಸೂರ್ಯನ್ನ ಯಾರು ಕಂಡಿದ್ದಾರೆ?" ಅಲ್ಲಿಗೆ ಆ ಸಾಕ್ಷಿಯೂ ಹೋಯಿತು. ಪಶ್ಚಿಮಕ್ಕೆ ಗುಡ್ಡ ಬೇರೆ ಇದೆ. ಮೋಡ ಇಲ್ಲದಿದ್ದರೂ ಅವರ ಅಂಗಳಕ್ಕೆ ಸೂರ್ಯ ಮುಳುಗುವುದು ಆರೂವರೆಗೆ.

ಎರಡು ಹಾಳೆ

ಹಾಗಾಗಿ ಎರಡನ್ನೂ ಹಾಕಿದೆ. ಎರಡು ಹಾಳೆ, ಒಂದರ ಮೇಲೆ 'ಹಗಲು', ಇನ್ನೊಂದರ ಮೇಲೆ 'ರಾತ್ರಿ'.

ಹಗಲಿನ ಹಾಳೆಯಲ್ಲಿ ಸ್ಪಿರಿಟ್ ಮೇಷದಿಂದ ಶುರು. ಮೇಷ 15 ವರ್ಷ, ಅಂದರೆ ಕ್ಯಾಲೆಂಡರ್ ಲೆಕ್ಕದಲ್ಲಿ 14 ವರ್ಷ 9 ತಿಂಗಳವರೆಗೆ. ಆಮೇಲೆ ವೃಷಭ, 22 ವರ್ಷ 8 ತಿಂಗಳವರೆಗೆ. ಇದು ವೃಶ್ಚಿಕದ ಫಾರ್ಚೂನ್‌ಗೆ ಏಳನೆಯ ರಾಶಿ, ಹಾಗಾಗಿ ಏರುಕಾಲ. ಆಮೇಲೆ ಮಿಥುನ, 42 ದಾಟುವವರೆಗೆ. ಅದರ ನಂತರ ಕರ್ಕ, 67ರವರೆಗೆ. ಈ ಎರಡೂ ಸಪಾಟು. ಒಟ್ಟಿನಲ್ಲಿ, ಹದಿಹರೆಯದಲ್ಲಿ ಮಿಂಚಿ ಆಮೇಲೆ ತಣ್ಣಗಾದ ಬದುಕು.

ರಾತ್ರಿಯ ಹಾಳೆಯಲ್ಲಿ ಸ್ಪಿರಿಟ್ ವೃಶ್ಚಿಕದಿಂದ ಶುರು, ಅದೂ 15 ವರ್ಷ. ಆಮೇಲೆ ಧನು 12, 26 ವರ್ಷ 7 ತಿಂಗಳವರೆಗೆ. ಆಮೇಲೆ ಮಕರ 27, ಅಂದರೆ 53 ವರ್ಷ 3 ತಿಂಗಳ ಹತ್ತಿರದವರೆಗೆ. ಮೇಷದ ಫಾರ್ಚೂನ್‌ನಿಂದ ಎಣಿಸಿದರೆ ಮಕರ ಹತ್ತನೆಯದು. ಮೇಷದಲ್ಲಿ ಗುರು ಬೇರೆ ಕೂತಿದ್ದಾನೆ. ಒಟ್ಟಿನಲ್ಲಿ, ಇಪ್ಪತ್ತಾರರವರೆಗೆ ಏನೂ ಇಲ್ಲ, ಆಮೇಲೆ 26 ವರ್ಷ ಎಡೆಬಿಡದ ಏರು.

ಗೆಳೆಯನ ಕೈಗೆ ಎರಡೂ ಹಾಳೆ ಕೊಟ್ಟು, ಚಿಕ್ಕಮ್ಮನಿಗೆ ತೋರಿಸಬೇಡ ಎಂದೆ. ಅವನಿಗೆ ಜ್ಯೋತಿಷ್ಯದಲ್ಲಿ ಕಾಸಿನ ನಂಬಿಕೆಯಿಲ್ಲ, ಅದಕ್ಕೇ ಅವನನ್ನು ಆರಿಸಿದ್ದು. ಕೆಲಸದ ದಾರಿ ಬದಲಾದ ವರ್ಷಗಳು ಯಾವುವು ಎಂದು ಅವನು ಕೇಳಿ ಬರೆದುಕೊಂಡು ಬರಬೇಕು. ಆಮೇಲೆ ಇಬ್ಬರೂ ಕೂತು ಹೊಂದಿಸಿ ನೋಡುವುದು.

ಅವನು ಏಳು ಸಂಗತಿ ತಂದ. ಮೊದಲನೆಯದನ್ನು ನೋಡಿಯೇ ನಾನು ಕುಣಿದಾಡುವುದು ಬಾಕಿ. 15 ತುಂಬುವ ಮೊದಲು, ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಓದು ನಿಂತಿತು. ಕಾಲೇಜಿಗೆ ಪೇಟೆಗೆ ಕಳಿಸಲಿಲ್ಲ. ಲೆಕ್ಕದಲ್ಲಿ ದಶೆ ಬದಲಾಗುವುದು ಏಪ್ರಿಲ್ ಕೊನೆಗೆ, ಅವರು ಹೇಳಿದ್ದು ಮೇ. ಎಂಥಾ ಹೊಂದಿಕೆ!

ಗೆಳೆಯ ತಣ್ಣಗೆ ಕೇಳಿದ: "ಯಾವ ಹಾಳೆಗೆ ಹೊಂದಿತು?"

ಎರಡಕ್ಕೂ. ಮೇಷವೂ ಮಂಗಳನದು, ವೃಶ್ಚಿಕವೂ ಮಂಗಳನದು, ಎರಡಕ್ಕೂ 15 ವರ್ಷ. ಹಗಲಾದರೂ ರಾತ್ರಿಯಾದರೂ ಮೊದಲ ತಿರುವು ಅದೇ ದಿನ. ಯಾವುದನ್ನೂ ಬೇರ್ಪಡಿಸದ ಹೊಂದಿಕೆ ಅದು. ಆ ಹೊತ್ತಿನಲ್ಲಿ ನಾನು ಒಂದೇ ಹಾಳೆ ಹಾಕಿದ್ದಿದ್ದರೆ, ಅದು ತಪ್ಪು ಹಾಳೆಯಾಗಿದ್ದರೂ, ಈ ಒಂದು ತಾರೀಖು ನೋಡಿ ಜಾತಕ ಪಕ್ಕಾ ಎಂದು ಮುಂದೆ ಹೋಗಿಬಿಡುತ್ತಿದ್ದೆ. ಬಹುಶಃ ಇದಕ್ಕೆ ಮುಂಚೆ ಬೇರೆಯವರ ಜಾತಕದಲ್ಲಿ ಹಾಗೆ ಹೋಗಿದ್ದೇನೆ ಕೂಡ.

ಎರಡನೆಯ ಪಾಠವನ್ನೂ ಅವನೇ ಕಲಿಸಿದ. ದೊಡ್ಡ ದಶೆಯೊಳಗೆ ನಮ್ಮ ಭುಕ್ತಿಯ ಹಾಗೆ ಒಳಅವಧಿಗಳಿವೆ. ರಾಶಿಗೆ ಎಷ್ಟು ವರ್ಷವೋ ಅಷ್ಟು ತಿಂಗಳು, ತಿಂಗಳಿಗೆ 30 ದಿನ. ಹನ್ನೆರಡು ರಾಶಿಗೆ ಒಟ್ಟು 211 ತಿಂಗಳು, ಅಂದರೆ ಸರಾಸರಿ ಹದಿನೇಳೂವರೆ ತಿಂಗಳಿಗೊಂದು ಗಡಿ. ಒಂದು ಘಟನೆ ಗಡಿಯಿಂದ ಆರು ತಿಂಗಳು ಆಚೀಚೆ ಇದ್ದರೂ ಹೊಂದಿತು ಎಂದುಕೊಂಡರೆ? ಸುಮ್ನೆ ಕಣ್ಣುಮುಚ್ಚಿ ತಾರೀಖು ಬರೆದರೂ ಮೂರರಲ್ಲಿ ಎರಡು ಹೊಂದುತ್ತವೆ. ಆದ್ದರಿಂದ ಒಳಅವಧಿಯ ಗಡಿಗಳನ್ನು ಪುರಾವೆಯಾಗಿ ಎಣಿಸುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆವು. ದೊಡ್ಡ ದಶೆಯ ಗಡಿ ಮತ್ತು ಇನ್ನೊಂದೇ ಒಂದು ಬಗೆಯ ತಿರುವು, ಇಷ್ಟೇ ಲೆಕ್ಕಕ್ಕೆ.

ಕಟ್ಟು ಬಿಚ್ಚುವ ಜಾಗ

ಆ ಇನ್ನೊಂದು ತಿರುವಿಗೆ ಇಂಗ್ಲಿಷಿನಲ್ಲಿ ಲೂಸಿಂಗ್ ಆಫ್ ದ ಬಾಂಡ್ ಅನ್ನುತ್ತಾರೆ. ಕಟ್ಟು ಬಿಚ್ಚುವುದು ಎನ್ನೋಣ. ಒಳಅವಧಿಗಳು ಒಂದು ಸುತ್ತು ಮುಗಿಸಲು 211 ತಿಂಗಳು, ಅಂದರೆ ಕ್ಯಾಲೆಂಡರ್ ಪ್ರಕಾರ 17 ವರ್ಷ 4 ತಿಂಗಳು ಬೇಕು. ದೊಡ್ಡ ದಶೆ 8, 12, 15 ವರ್ಷದ್ದಾದರೆ ಸುತ್ತು ಮುಗಿಯುವುದೇ ಇಲ್ಲ. ಮಕರದ ಹಾಗೆ 27 ವರ್ಷದ್ದಾದರೆ ಸುತ್ತು ಮುಗಿದ ಮೇಲೂ ದಶೆ ಉಳಿದಿರುತ್ತದೆ. ಆಗ ಶುರುವಾದ ರಾಶಿಗೇ ಮತ್ತೆ ಬರದೆ ಅದರ ಎದುರು ರಾಶಿಗೆ ಹಾರುತ್ತದೆ. ಮಕರದಿಂದ ಶುರುವಾದದ್ದು ಕರ್ಕಕ್ಕೆ. ಬದುಕಿನಲ್ಲಿ ಕೆಲಸದ ದಿಕ್ಕೇ ಬದಲಾಗುವ ಹೊತ್ತು ಇದು ಎನ್ನುತ್ತಾರೆ. ಹಗಲಿನ ಹಾಳೆಯಲ್ಲಿ ಇದು ಬರುವುದು ಸರಿಯಾಗಿ 40ಕ್ಕೆ, ರಾತ್ರಿಯದರಲ್ಲಿ 44 ತುಂಬುವುದಕ್ಕೆ ಮೂರು ವಾರ ಮೊದಲು.

ಈಗ ಉಳಿದ ಆರು ಸಂಗತಿಗಳು. 21ಕ್ಕೆ ಮದುವೆ, ಬೇರೆ ಊರಿನ ಕೂಡುಕುಟುಂಬಕ್ಕೆ. 26 ತುಂಬಿದ ಮೇಲಿನ ಫೆಬ್ರವರಿ-ಮಾರ್ಚಿನಲ್ಲಿ, ಅಪ್ಪೆಮಿಡಿ ಕೊಯ್ಯುವ ಕಾಲಕ್ಕೆ, ಒಂದು ಮದುವೆಮನೆಯವರು ದುಡ್ಡು ಕೊಟ್ಟು ಎರಡು ಭರಣಿ ಮಿಡಿ ಉಪ್ಪಿನಕಾಯಿ ಹಾಕಿಸಿಕೊಂಡರು. ದುಡಿಮೆಯ ಮೊದಲ ದುಡ್ಡು ಅದು. 36ರ ಸುಮಾರಿಗೆ ಸಂಬಂಧಿಕರೊಬ್ಬರ ಜೊತೆ ಪಾಲಿನಲ್ಲಿ ಪೇಟೆಯಲ್ಲಿ ಅಂಗಡಿ, ಎರಡು ವರ್ಷಕ್ಕೆ ಜಗಳವಾಗಿ ಬಾಗಿಲು ಬಿತ್ತು. 40ಕ್ಕೆ ಅಮ್ಮ ತೀರಿಕೊಂಡರು. 44ಕ್ಕೆ ಮನೆಯ ಪಕ್ಕ ಶೆಡ್ ಹಾಕಿ, ಊರಿನ 11 ಹೆಂಗಸರನ್ನು ಸೇರಿಸಿಕೊಂಡು, ಬೆಂಗಳೂರಿಗೆ ಮಾಲು ಕಳಿಸಲು ಶುರು. 47ಕ್ಕೆ ಚಿಕ್ಕಪ್ಪನ ಹೃದಯದ ಆಪರೇಷನ್.

ಹಗಲಿನ ಹಾಳೆಯ ಏರುಕಾಲ 15ರಿಂದ 22. ಆ ಏಳೆಂಟು ವರ್ಷ ಏನು ಮಾಡಿದಿರಿ ಎಂದು ಗೆಳೆಯ ಕೇಳಿದ್ದನಂತೆ. "ಏನಿಲ್ಲ. ಅಡಿಕೆ ಸುಲಿದೆ, ಮದುವೆ ಆಯ್ತು." ಈ ಒಂದು ಮಾತು ಆ ಹಾಳೆಗೆ ಬಿದ್ದ ದೊಡ್ಡ ಪೆಟ್ಟು. 40ಕ್ಕೆ ಅಮ್ಮ ಹೋದದ್ದನ್ನು ಹಿಡಿದು ಹಗಲಿನ ಹಾಳೆಯನ್ನು ಉಳಿಸಲು ನೋಡಬಹುದಿತ್ತು. ಆದರೆ ನಾವು ಕೇಳಿದ್ದು ಕೆಲಸದ ಬಗ್ಗೆ, ದುಃಖದ ಬಗ್ಗೆ ಅಲ್ಲ. ಸ್ಪಿರಿಟ್‌ನ ಲೆಕ್ಕದಲ್ಲಿ ತಾಯಿಯ ಸಾವನ್ನು ತುರುಕಿದರೆ ಆಮೇಲೆ ಏನನ್ನು ಬೇಕಾದರೂ ತುರುಕಬಹುದು.

ರಾತ್ರಿಯ ಹಾಳೆಗೆ 26 ವರ್ಷ 7 ತಿಂಗಳು ಹೊಂದಿತು, 44 ಹೊಂದಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 36ರ ಅಂಗಡಿ. ಕಟ್ಟು ಬಿಚ್ಚಿದಾಗ ಹಾರುವುದು ಕರ್ಕಕ್ಕೆ ಎಂದೆನಲ್ಲ. ಆ ಸುತ್ತಿನಲ್ಲಿ ಕರ್ಕ ಅದಕ್ಕೆ ಮೊದಲೇ ಒಮ್ಮೆ ಬಂದು ಹೋಗಿರುತ್ತದೆ. ಇವರಿಗೆ ಅದು 35 ವರ್ಷ 10 ತಿಂಗಳಿಂದ 37 ವರ್ಷ 10 ತಿಂಗಳವರೆಗೆ. ಮುಂದೆ ಕಟ್ಟು ಬಿಚ್ಚಿದಾಗ ಆಗುವುದರ ಚಿಕ್ಕ ಮಾದರಿ ಈ ಮೊದಲ ಭೇಟಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಈಗ ಈ ಪದ್ಧತಿ ಮಾಡುವವರು ಹೇಳುತ್ತಾರೆ. ಲಗ್ನ ಮಕರವಾದ್ದರಿಂದ ಕರ್ಕ ಏಳನೆಯ ಮನೆ, ಜೊತೆಗಾರರ ಮನೆ. ಮೊದಲ ಸಲ ಒಬ್ಬ ಪಾಲುದಾರನ ಜೊತೆ ಅಂಗಡಿ ತೆರೆದು ಕೈಸುಟ್ಟುಕೊಂಡರು. ಎರಡನೆಯ ಸಲ 11 ಜನರ ಜೊತೆ ಶುರು ಮಾಡಿದರು, ಆದರೆ ಪಾಲು ಯಾರಿಗೂ ಇಲ್ಲ, ಎಲ್ಲರಿಗೂ ದಿನಗೂಲಿ. "ಅಂಗಡಿ ಕಲಿಸಿದ ಬುದ್ಧಿ" ಎಂದು ಅವರೇ ಹೇಳಿದ್ದು.

ಹೊಂದದೇ ಹೋದದ್ದು

ಎಲ್ಲವೂ ಹೊಂದಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಇಂಥ ಬರಹಗಳಲ್ಲಿ ನನಗೆ ಕಿರಿಕಿರಿ ಆಗುವುದೂ ಅದಕ್ಕೇ.

28 ವರ್ಷ 10 ತಿಂಗಳಿಂದ 31ರ ಆಚೆಯವರೆಗೆ ಒಳಅವಧಿ ಕುಂಭ. ಅಲ್ಲಿ ಶನಿ ಇದ್ದಾನೆ. ರಾತ್ರಿಯ ಜನನದಲ್ಲಿ ಎಲ್ಲರಿಗಿಂತ ಹೆಚ್ಚು ತೊಂದರೆ ಕೊಡುವವನು ಶನಿ, ಹಗಲಿನದರಲ್ಲಿ ಮಂಗಳ. ಹಾಗಾಗಿ ಹಾಳೆಯಲ್ಲಿ 'ಅಡೆತಡೆ, ನಿಧಾನ' ಎಂದು ಬರೆದಿದ್ದೆ. ಅವರು ಹೇಳಿದ್ದೇ ಬೇರೆ: ಅವರ ಉಪ್ಪಿನಕಾಯಿ ಹತ್ತೂರಿಗೆ ಗೊತ್ತಾದದ್ದು ಆ ಎರಡು ವರ್ಷದಲ್ಲೇ. ಶನಿ ಸ್ವಂತ ರಾಶಿಯಲ್ಲಿದ್ದಾನಲ್ಲ ಎಂದು ಈಗ ಸಮಜಾಯಿಷಿ ಕೊಡಬಹುದು. ಆದರೆ ಬರೆಯುವಾಗಲೂ ಅವನು ಅಲ್ಲೇ ಇದ್ದ, ನಾನೇ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ.

ಕೈಯಲ್ಲಿ ಅತಿ ಹೆಚ್ಚು ದುಡ್ಡು ಆಡಿದ್ದು 39ರಿಂದ 41. ಹಾಳೆಯಲ್ಲಿ ಆಗ ಕನ್ಯಾ, ಮೇಷದಿಂದ ಆರನೆಯದು, ಅಲ್ಲಿ ಮಂಗಳ. 'ದುಡಿತ ಜಾಸ್ತಿ, ಹೆಸರು ಕಮ್ಮಿ' ಎಂದು ಬರೆದಿದ್ದೆ. ದುಡಿತ ನಿಜ. ದುಡ್ಡಿನ ಸುಳಿವೇ ಇರಲಿಲ್ಲ. ಚಿಕ್ಕಪ್ಪನ ಆಪರೇಷನ್ನಿಗಂತೂ ಎಲ್ಲೂ ಗುರುತಿಲ್ಲ. ಅದು ಅವರ ಮೈಯೂ ಅಲ್ಲ, ಅವರ ಕೆಲಸವೂ ಅಲ್ಲ, ಆದ್ದರಿಂದ ಈ ಎರಡು ಬಿಂದುಗಳಲ್ಲಿ ಹುಡುಕುವುದೇ ತಪ್ಪು.

ಗೆಳೆಯನ ತೀರ್ಪು: ಬೇರ್ಪಡಿಸುವ ಗಡಿಗಳು ಎರಡು, ಎರಡೂ ರಾತ್ರಿಗೆ ಬಿದ್ದವು, ಆದರೆ ನಾಣ್ಯ ಎರಡು ಸಲ ಚಿಮ್ಮಿದರೂ ಎರಡೂ ಸಲ ತಲೆ ಬೀಳಬಹುದು. ಸರಿಯಾದ ಮಾತು. ಒಂದು ಜಾತಕದಿಂದ ಪದ್ಧತಿ ನಿಜವೆಂದು ತೋರಿಸಲು ಆಗುವುದಿಲ್ಲ. ಅದನ್ನು ಬಳಸುವುದಾದರೆ ಯಾವ ಹಾಳೆ ಹಿಡಿಯಬೇಕು ಎಂಬುದಷ್ಟೇ ತೀರ್ಮಾನವಾಯಿತು.

ಸಾಲದ ಪ್ರಶ್ನೆ

ರಾತ್ರಿಯ ಹಾಳೆ ಹಿಡಿದರೆ ಅವರ ಪ್ರಶ್ನೆಗೆ ಉತ್ತರ ಎದ್ದು ಕಾಣುತ್ತಿತ್ತು. ಮಕರ 53 ವರ್ಷ 3 ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಕುಂಭ, 30 ವರ್ಷ. ಫಾರ್ಚೂನ್‌ನಿಂದ ಹನ್ನೊಂದನೆಯದು, ಕೇಂದ್ರವಲ್ಲ. ಒಂದೂವರೆ ವರ್ಷದಲ್ಲಿ ಏರು ಮುಗಿಯುತ್ತದೆ, ಇವರು ಹೊಸ ಶೆಡ್‌ಗೆ ಸಾಲ ಮಾಡಲು ಹೊರಟಿದ್ದಾರೆ.

ಸಾಲ ಬೇಡ ಎಂದು ಹೇಳುವ ಆಸೆ ನನಗೆ ಜೋರಾಗಿತ್ತು. ಒಂದು ವಾರ ಸುಮ್ಮನಿದ್ದೆ. ಕೊನೆಗೆ ಹೇಳಿದ್ದಿಷ್ಟು: "53ರ ನಂತರ ನಿಮ್ಮ ದಿನ ಈಗಿನ ಹಾಗೆ ಕೆಲಸದ ಸುತ್ತ ಇರೋದಿಲ್ಲ ಅಂತ ಈ ಲೆಕ್ಕ ಹೇಳ್ತದೆ. ವ್ಯಾಪಾರ ಬೀಳ್ತದೆ ಅಂತ ಇದು ಹೇಳೋದಿಲ್ಲ. ಸಾಲದ ವಿಷಯ ಬ್ಯಾಂಕಿನವರ ಹತ್ರ, ಮನೆಯವರ ಹತ್ರ ಮಾತಾಡಿ." ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ನನ್ನ ಹೆಸರಲ್ಲಿ ಬೇಡ" ಎಂದರು. ಅಷ್ಟೇ.

ಸಾಲವನ್ನು ಮಗಳ ಹೆಸರಿನಲ್ಲಿ ತೆಗೆದರು, ಬ್ಯಾಂಕ್ ಹೇಳಿದ್ದರಲ್ಲಿ ಅರ್ಧ. ನನ್ನ ಮಾತು ಕೇಳಿ ಹಾಗೆ ಮಾಡಿದರೋ, ಮೊದಲೇ ಮನಸ್ಸಿನಲ್ಲಿತ್ತೋ ಹೇಳುವುದು ಕಷ್ಟ. ಇದು ಫಲವನ್ನು ಕೆಡಿಸುತ್ತದೆ ಎಂಬುದೂ ಗೊತ್ತಿರಲಿ. 53ರಲ್ಲಿ ಅವರು ಕೆಲಸದಿಂದ ಹಿಂದೆ ಸರಿದರೆ ಅದು ದಶೆಯಿಂದಲೋ, ದಶೆಯ ಸುದ್ದಿ ಕೇಳಿದ್ದರಿಂದಲೋ?

ಹಿಂದೆ ಸರಿದದ್ದಂತೂ ಹೌದು. 53 ತುಂಬಿದ ಆ ಚಳಿಗಾಲದಲ್ಲಿ ಮೊಣಕಾಲು ನೋವು ಜಾಸ್ತಿಯಾಗಿ, ಎರಡು ಶೆಡ್ಡಿನ ನಡುವೆ ಓಡಾಡುವುದು ನಿಂತಿತು. ಮಗಳು ಲೆಕ್ಕಪತ್ರ ತೆಗೆದುಕೊಂಡಳು, ಆಮೇಲೆ ಖರೀದಿ, ಆಮೇಲೆ ಎಲ್ಲ. ನಾನು ಕಾದಿದ್ದದ್ದು ವ್ಯಾಪಾರದ ಇಳಿತಕ್ಕೆ. ಅದು ಬರಲೇ ಇಲ್ಲ. ಎರಡನೆಯ ಶೆಡ್ ಮೊದಲನೆಯದಕ್ಕಿಂತ ಚೆನ್ನಾಗಿ ನಡೆಯಿತು. ಬಾಯಲ್ಲಿ ಹೇಳಿದ್ದೇ ಒಂದು, ಒಳಗೊಳಗೆ ನಂಬಿದ್ದೇ ಇನ್ನೊಂದು ಎಂದು ಆಗ ನನಗೆ ಗೊತ್ತಾಯಿತು. ಸಪಾಟಾದದ್ದು ಚಿಕ್ಕಮ್ಮನ ದಿನಚರಿ. ಶೆಡ್ಡಿಗೆ ಜಾತಕವಿಲ್ಲ.

ಸಪಾಟಿನ ಒಳಗೂ ಚಿಕ್ಕ ದಿಬ್ಬಗಳಿರುತ್ತವೆ. ಕುಂಭದೊಳಗೆ ಮೇಷದ ಒಳಅವಧಿ 56 ವರ್ಷ 8 ತಿಂಗಳಿಂದ ಸುಮಾರು 15 ತಿಂಗಳು. ಮೇಷವೆಂದರೆ ಫಾರ್ಚೂನ್ ಇರುವ ರಾಶಿ, ಅಲ್ಲಿ ಗುರು. ಹಾಳೆಯಲ್ಲಿ ಅದಕ್ಕೆ ಒಂದು ಚುಕ್ಕಿ ಇಟ್ಟಿದ್ದೆ. ಆ ಹೊತ್ತಿನಲ್ಲೇ ಮೊಮ್ಮಗಳು ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ಮಿಡಿ ಆರಿಸುವುದರಿಂದ ಹಿಡಿದು ಉಪ್ಪಿನಲ್ಲಿ ಹಾಕುವವರೆಗೆ ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದಳು. ಅದನ್ನು ನೋಡಿ ಎಲ್ಲೆಲ್ಲಿಂದಲೋ ಕರೆ ಬಂದವು. "ಕೂತಲ್ಲೇ ಹೆಸರು ಬಂತು ನೋಡು" ಎಂದು ನಗುತ್ತಾರೆ. ಇದು ಒಳಅವಧಿಯ ಹೊಂದಿಕೆ, ಹಾಗಾಗಿ ನಮ್ಮದೇ ನಿಯಮದ ಪ್ರಕಾರ ಲೆಕ್ಕಕ್ಕಿಲ್ಲ. ಗೆಳೆಯ ಅದನ್ನು ನೆನಪಿಸದೆ ಬಿಡಲಿಲ್ಲ.

ಮುಂದೆ ಲೆಕ್ಕಕ್ಕೆ ಬರುವ ತಿರುವು ಒಂದೇ. ಕುಂಭ 30 ವರ್ಷದ್ದಾದ್ದರಿಂದ ಅದರಲ್ಲೂ ಕಟ್ಟು ಬಿಚ್ಚುತ್ತದೆ, ಸಿಂಹಕ್ಕೆ ಹಾರುತ್ತದೆ, ಸುಮಾರು 70 ವರ್ಷ ಏಳು ತಿಂಗಳಿಗೆ. ಏನಾಗಬಹುದು ಎಂದು ಎರಡು ಸಾಲು ಬರೆದು, ಮಡಚಿ, ಗೆಳೆಯನಿಗೆ ಕೊಟ್ಟಿದ್ದೇನೆ. ಈ ಸಲ ಚಿಕ್ಕಮ್ಮನಿಗೆ ಒಂದು ಮಾತೂ ಹೇಳಿಲ್ಲ. ಹಾಳೆ ಅವನ ಬೀರುವಿನಲ್ಲಿ, ಮನೆಯ ಪಹಣಿ ಪತ್ರಗಳ ಜೊತೆಗಿದೆ.